ನೈಂಟಿ ಹಾಕಿದ ರಾತ್ರಿ ಯಾವ ಮಾತ್ರೆ ಬಿಡಬೇಕು, ಯಾವುದನ್ನು ಬಿಡಬಾರದು

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಮೆಡಿಕಲ್ ಶಾಪ್ ನಡೆಸುವ ಫಾರ್ಮಸಿಸ್ಟ್. ಸಂಜೆ ಬರುವವರಲ್ಲಿ ಹಲವರು ಕುಡಿಯುವವರು. ನಾವು ದಿನವೂ ಕೊಡುವ ಮಾತ್ರೆಗಳಲ್ಲಿ, ಚೀಟಿಯಿಲ್ಲದೆ ಕೇಳಿ ಪಡೆಯುವವುಗಳಲ್ಲಿ, ಮದ್ಯದ ಜೊತೆ ನಿಜಕ್ಕೂ ಅಪಾಯ ತರುವವು ಯಾವುವು? ಕುಡಿಯಬೇಡಿ ಎಂದರೆ ಅವರು ಕೇಳುವುದಿಲ್ಲ. ಕೆಲವರು ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಅವರಿಗೆ ಹೇಗೆ ತಿಳಿಸಿ ಹೇಳಬೇಕು?

ಉತ್ತರ: ಮದ್ಯದ ಎಚ್ಚರಿಕೆ ಇರುವ ಔಷಧಿಗಳ ಪಟ್ಟಿ ಬಹಳ ಉದ್ದವಿದೆ. ಕೌಂಟರಿನಲ್ಲಿ ನಿಂತವರು ಅದನ್ನು ಬಾಯಿಪಾಠ ಮಾಡುವುದಕ್ಕಿಂತ, ಮಾತ್ರೆಗಳನ್ನು ಅವು ಮಾಡುವ ಅಪಾಯದ ಬಗೆಯನ್ನು ನೋಡಿ ಮೂರಾಗಿ ವಿಂಗಡಿಸಿಕೊಳ್ಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೊದಲನೆಯವು ಅದೇ ರಾತ್ರಿಯ ಮದ್ಯದೊಡನೆ ಸೇರಿ ಅದೇ ರಾತ್ರಿ ಜೀವಕ್ಕೆ ಕುತ್ತು ತರುವವು. ಎರಡನೆಯವು ವರ್ಷಗಟ್ಟಲೆ ಕುಡಿದು ಬಳಲಿದ ದೇಹದಲ್ಲಿ ಸಾಮಾನ್ಯ ಪ್ರಮಾಣದಲ್ಲೇ ಹಾನಿ ಮಾಡುವವು. ಮೂರನೆಯವು ಮದ್ಯದ ಜೊತೆ ಒಂದಿಷ್ಟು ತೊಂದರೆ ಕೊಟ್ಟರೂ, ಬಿಟ್ಟರೆ ಅದಕ್ಕಿಂತ ದೊಡ್ಡ ಅನಾಹುತ ಮಾಡುವವು. ಈ ಮೂರಕ್ಕೂ ಒಂದೇ ಮಾತನ್ನು ಹೇಳಿದಾಗಲೇ ನೀವು ಕಾಣುತ್ತಿರುವ ಪರಿಣಾಮವಾಗುವುದು: ರೋಗಿ ಮದ್ಯವನ್ನು ಉಳಿಸಿಕೊಂಡು ಮಾತ್ರೆಯನ್ನು ಬಿಡುತ್ತಾನೆ, ಅದರಲ್ಲೂ ಬಿಡಬಾರದ ಮಾತ್ರೆಯನ್ನು ಬಿಡುತ್ತಾನೆ.

ಮೊದಲು ಅಳತೆಯ ವಿಷಯ. ಸ್ವಲ್ಪ ತಗೊಳ್ತೀನಿ ಎಂಬ ಉತ್ತರದಿಂದ ಏನೂ ತಿಳಿಯುವುದಿಲ್ಲ. ನೈಂಟಿಯೋ, ಕ್ವಾರ್ಟರೋ, ಬಿಯರೋ ಎಂದು ಕೇಳಿದರೆ ಎಲ್ಲವೂ ತಿಳಿಯುತ್ತದೆ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂಡಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ಶೇಕಡಾ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಆ ಲೆಕ್ಕದಲ್ಲಿ 30 ಮಿಲಿಲೀಟರಿನ ಒಂದು ಪೆಗ್ಗಿನಲ್ಲಿ ಸುಮಾರು 10 ಗ್ರಾಂ, 90 ಮಿಲಿಲೀಟರಿನ ಪೊಟ್ಟಣದಲ್ಲಿ 30 ಗ್ರಾಂ, ಕ್ವಾರ್ಟರಿನಲ್ಲಿ 60 ಗ್ರಾಂ ಆಲ್ಕೋಹಾಲ್ ಇದೆ. 650 ಮಿಲಿಲೀಟರಿನ ಒಂದು ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ 40 ಗ್ರಾಂ ಇರುತ್ತದೆ. ಬರೀ ಬಿಯರ್ ಎಂದು ಹೇಳುವವನು ನೈಂಟಿಗಿಂತ ಹೆಚ್ಚೇ ಕುಡಿದಿರುತ್ತಾನೆ. ದೇಹ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸಬಲ್ಲದು. ಹಾಗಾಗಿ ರಾತ್ರಿ ಹತ್ತಕ್ಕೆ ಕ್ವಾರ್ಟರ್ ಮುಗಿಸಿದವನ ರಕ್ತದಲ್ಲಿ ಬೆಳಗಿನ ಜಾವದವರೆಗೂ ಮದ್ಯ ಇದ್ದೇ ಇರುತ್ತದೆ. ಎರಡು ಗಂಟೆ ಬಿಟ್ಟು ಮಾತ್ರೆ ತಗೊಂಡೆ ಎಂಬ ಮಾತಿಗೆ ಅರ್ಥವಿಲ್ಲದಿರುವುದು ಈ ಕಾರಣಕ್ಕೆ.

ಅದೇ ರಾತ್ರಿ ಕೊಲ್ಲಬಲ್ಲ ಮಾತ್ರೆಗಳಲ್ಲಿ ಮೊದಲ ಸ್ಥಾನ ಮಂಪರು ತರುವವುಗಳದ್ದು. ಆಲ್ಪ್ರಜೋಲಾಮ್, ಕ್ಲೋನಾಜೆಪಾಮ್, ಡಯಾಜೆಪಾಮ್, ಜೋಲ್ಪಿಡೆಮ್ ಇವೆಲ್ಲ ಮಿದುಳಿನ ಚಟುವಟಿಕೆಯನ್ನು ಇಳಿಸುವ ಒಂದೇ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತವೆ, ಮದ್ಯವೂ ಅಲ್ಲೇ ಕೆಲಸ ಮಾಡುತ್ತದೆ. ಎರಡೂ ಸೇರಿದಾಗ ಮೊದಲು ಎಚ್ಚರ ತಪ್ಪುತ್ತದೆ, ಆಮೇಲೆ ಉಸಿರಾಟದ ಲಯ ನಿಧಾನವಾಗುತ್ತದೆ, ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ನಿದ್ದೆ ಮಾತ್ರೆಯ ಬಗ್ಗೆ ಜನರಿಗೂ ಒಂದಿಷ್ಟು ಭಯ ಇದೆ, ಆದ್ದರಿಂದ ಇಲ್ಲಿ ಮಾತು ಸುಲಭ. ಕಷ್ಟ ಇರುವುದು ಮಂಪರಿನ ಮಾತ್ರೆ ಎಂದು ಯಾರಿಗೂ ಅನ್ನಿಸದ ಮಾತ್ರೆಗಳಲ್ಲಿ.

ನರದ ಮಾತ್ರೆ ಎಂದು ಜನ ಕರೆಯುವ, ಪ್ರೀಗಾಬಾಲಿನ್ ಮತ್ತು ಮೀಥೈಲ್‌ಕೋಬಾಲಮಿನ್ ಸೇರಿದ ಮಾತ್ರೆಯನ್ನು ನೋಡಿ. ಕಾಲು ಉರಿ, ಸೊಂಟ ನೋವಿಗೆಂದು ವೈದ್ಯರು ಬರೆದುಕೊಟ್ಟ ಅದನ್ನು ರೋಗಿ ವಿಟಮಿನ್ ಎಂದೇ ನಂಬಿರುತ್ತಾನೆ, ಏಕೆಂದರೆ ಅದರ ಅರ್ಧ ಭಾಗ ನಿಜವಾಗಿಯೂ ವಿಟಮಿನ್. ಇನ್ನರ್ಧ ಮದ್ಯದ ಜೊತೆ ಉಸಿರಾಟವನ್ನು ಕುಗ್ಗಿಸಬಲ್ಲದು, ವಯಸ್ಸಾದವರಲ್ಲಿ ಮತ್ತು ದಮ್ಮು ಇರುವವರಲ್ಲಿ ಇನ್ನೂ ಹೆಚ್ಚು. ನೋವಿಗೆ ಕೊಡುವ ಟ್ರಮಡಾಲ್ ಕೂಡ ಹೀಗೆಯೇ; ಅದು ಉಸಿರಾಟವನ್ನು ಇಳಿಸುವುದರ ಜೊತೆಗೆ ಫಿಟ್ಸ್ ಬರಿಸುವ ಗುಣವನ್ನೂ ಹೊಂದಿದೆ. ನಿದ್ದೆಗೆ, ತಲೆನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಇದೇ ಸಾಲಿನದು. ಚೀಟಿಯಿಲ್ಲದೆ ಕೊಡುವ ನೆಗಡಿ ಮಾತ್ರೆಯಲ್ಲಿ ಕ್ಲೋರ್‌ಫೆನಿರಮಿನ್ ಇರುತ್ತದೆ. ಅದು ದೇಹದಿಂದ ಅರ್ಧದಷ್ಟು ಹೋಗುವುದಕ್ಕೇ ಸುಮಾರು 20 ಗಂಟೆ ಬೇಕು, ಅಂದರೆ ಬೆಳಿಗ್ಗೆ ನುಂಗಿದ್ದು ರಾತ್ರಿಯ ನೈಂಟಿಯ ಹೊತ್ತಿಗೂ ಕೆಲಸ ಮಾಡುತ್ತಿರುತ್ತದೆ. ಅದೊಂದರಿಂದಲೇ ಉಸಿರು ನಿಲ್ಲುವುದು ಅಪರೂಪ. ಆದರೆ ಕುಡಿದು ಬೈಕ್ ಹತ್ತುವವನಿಗೆ, ರಾತ್ರಿ ಎದ್ದು ಬಚ್ಚಲಿಗೆ ಹೋಗುವ ವೃದ್ಧರಿಗೆ ಅಷ್ಟು ಮಂಪರೇ ಸಾಕು. ನೆಗಡಿಗೆ ಮಾತ್ರೆ ಕೇಳಿದವನ ಬಾಯಿಂದ ಮದ್ಯದ ವಾಸನೆ ಬರುತ್ತಿದ್ದರೆ, ಮೂಗಿಗೆ ಉಪ್ಪುನೀರಿನ ಡ್ರಾಪ್ಸ್ ಮತ್ತು ಬಿಸಿನೀರಿನ ಹಬೆ ಸಾಕು ಎಂದು ಹೇಳಿ ಕಳಿಸುವುದು ಸರಿಯಾದ ಔಷಧೋಪಚಾರವೇ.

ಮನೆಯವರಿಗೆ ಹೇಳಬೇಕಾದ ಒಂದು ಗುರುತು ಇದೆ. ಕುಡಿದು ಮಲಗಿದವನು ಗೊರಕೆ ಹೊಡೆಯುತ್ತಿದ್ದರೆ ಚೆನ್ನಾಗಿ ನಿದ್ದೆ ಬಂದಿದೆ ಎಂದು ಮನೆಯವರು ಸಮಾಧಾನಪಡುತ್ತಾರೆ. ಹೆಸರು ಹಿಡಿದು ಕೂಗಿ, ಭುಜ ಅಲುಗಾಡಿಸಿ, ಎದೆಯ ಮೂಳೆಯ ಮೇಲೆ ಗೆಣ್ಣಿನಿಂದ ಒತ್ತಿದರೂ ಕಣ್ಣು ಬಿಡದಿದ್ದರೆ, ಅಥವಾ ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತಿದ್ದರೆ, ಅದು ನಿದ್ದೆ ಆಗಿರುವುದಿಲ್ಲ. ಅವನನ್ನು ಎಡ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ, ತಕ್ಷಣ 108ಕ್ಕೆ ಕರೆ ಮಾಡಬೇಕು. ಖಾಲಿಯಾದ ಮಾತ್ರೆ ಸ್ಟ್ರಿಪ್ಪನ್ನೂ ಜೊತೆಗೆ ಒಯ್ಯಬೇಕು.

ಇನ್ನು ನನ್ನ ಮಟ್ಟಿಗೆ ನಿಮ್ಮ ಅಂಗಡಿಯಲ್ಲಿ ಅತ್ಯಂತ ಹೆಚ್ಚು ಗಮನ ಬೇಡುವ ಮಾತ್ರೆಗೆ ಬರುತ್ತೇನೆ. ಅದು ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್, ಬಹುತೇಕ ಮೆಟ್‌ಫಾರ್ಮಿನ್ ಜೊತೆ ಸೇರಿಯೇ ಬರುತ್ತದೆ. ಹಳೆಯ ಗ್ಲಿಬೆನ್‌ಕ್ಲಾಮೈಡ್ ಮತ್ತು ಇನ್ಸುಲಿನ್ ಕೂಡ ಇದೇ ಗುಂಪಿಗೆ ಸೇರುತ್ತವೆ. ಇಲ್ಲಿ ಆಗುವುದನ್ನು ಒಬ್ಬ ರೋಗಿಯ ಒಂದು ರಾತ್ರಿಯನ್ನು ಹಿಡಿದು ವಿವರಿಸುತ್ತೇನೆ. ವಿವರಗಳು ಹಲವು ರೋಗಿಗಳಿಂದ ಒಟ್ಟುಗೂಡಿಸಿದವು, ಆದರೆ ವಾರ್ಡಿನಲ್ಲಿ ಕೆಲಸ ಮಾಡಿದ ಯಾವ ವೈದ್ಯರಿಗೂ ಈ ಕಥೆ ಹೊಸದಲ್ಲ.

ಐವತ್ತೆಂಟು ವರ್ಷದ ಒಬ್ಬರು ಗ್ಲಿಮೆಪಿರೈಡ್ 2 ಮಿಲಿಗ್ರಾಂ, ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಸೇರಿದ ಮಾತ್ರೆಯನ್ನು ದಿನಕ್ಕೆ ಎರಡು ಸಲ ಊಟಕ್ಕೆ ಮುಂಚೆ ತೆಗೆದುಕೊಳ್ಳುತ್ತಾರೆ. ನೆಂಟರ ಮನೆಯಲ್ಲಿ ಬಾಡೂಟ. ಶಿಸ್ತಿನ ಮನುಷ್ಯ, ಆದ್ದರಿಂದ ರಾತ್ರಿ ಎಂಟಕ್ಕೆ ಮನೆಯಲ್ಲೇ ಮಾತ್ರೆ ನುಂಗಿ ಹೊರಟರು. ಅಲ್ಲಿ ಹತ್ತೂವರೆಯವರೆಗೆ ಕ್ವಾರ್ಟರ್ ಮುಗಿಯಿತು, ನಡುವೆ ಖಾರದ ಕಡಲೆಬೀಜ, ಎರಡು ತುಂಡು ಮಾಂಸ. ಮುದ್ದೆ, ಅನ್ನ ಬರುವ ಹೊತ್ತಿಗೆ ಹಸಿವು ಸತ್ತಿತ್ತು, ಉಣ್ಣದೆ ಮನೆಗೆ ಬಂದು ಮಲಗಿದರು. ಬೆಳಗಿನ ಐದಕ್ಕೆ ಹೆಂಡತಿ ನೋಡಿದಾಗ ಹಾಸಿಗೆ ಬೆವರಿನಿಂದ ಒದ್ದೆಯಾಗಿದೆ, ಮಾತು ತೊದಲುತ್ತಿದೆ, ಎಬ್ಬಿಸಿದರೆ ಸಿಡುಕುತ್ತಾರೆ, ಮತ್ತೆ ಕಣ್ಣು ಮುಚ್ಚುತ್ತಾರೆ. ರಾತ್ರಿದು ಇನ್ನೂ ಇಳಿದಿಲ್ಲ, ಮಲಗಲಿ ಬಿಡು ಎಂದು ಮಗ ಹೇಳಿದ. ಪಕ್ಕದ ಮನೆಯವರ ಗ್ಲೂಕೋಮೀಟರ್ ತಂದು ನೋಡಿದಾಗ ಸಕ್ಕರೆ 42 ಇತ್ತು.

ಇಲ್ಲಿ ನಡೆದದ್ದು ಇಷ್ಟು. ಊಟ ಇಲ್ಲದ ಹೊತ್ತಿನಲ್ಲಿ ನಮ್ಮ ರಕ್ತದ ಸಕ್ಕರೆಯನ್ನು ಕಾಯುವುದು ಯಕೃತ್ತು, ಅಂದರೆ ಲಿವರ್. ಮೊದಲು ಅದು ತನ್ನ ದಾಸ್ತಾನಿನಲ್ಲಿರುವ ಗ್ಲೈಕೋಜನ್ನನ್ನು ಕರಗಿಸಿ ಕೊಡುತ್ತದೆ, ಅದು ಕಡಿಮೆಯಾದಂತೆ ಬೇರೆ ಪದಾರ್ಥಗಳಿಂದ ಹೊಸದಾಗಿ ಸಕ್ಕರೆ ತಯಾರಿಸುತ್ತದೆ. ಮದ್ಯವನ್ನು ಕರಗಿಸುವ ಕೆಲಸದಲ್ಲಿ ತೊಡಗಿದ ಯಕೃತ್ತಿಗೆ ಈ ಎರಡನೆಯ ಕೆಲಸ ಮಾಡಲು ಆಗುವುದಿಲ್ಲ. ಅದೇ ಹೊತ್ತಿಗೆ ಗ್ಲಿಮೆಪಿರೈಡ್, ಊಟ ಬಂದಿದೆಯೋ ಇಲ್ಲವೋ ನೋಡದೆ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಸಕ್ಕರೆ ಬೀಳುವುದು ಕುಡಿಯುವಾಗಲ್ಲ, ಗಂಟೆಗಳ ನಂತರ, ಬೆಳಗಿನ ಜಾವಕ್ಕೆ. ಆ ಹೊತ್ತಿನ ಲಕ್ಷಣಗಳಾದ ತೊದಲು, ತೂರಾಟ, ಸಿಡುಕು, ಮಂಪರು ಎಲ್ಲವೂ ಅಮಲಿನ ಲಕ್ಷಣಗಳಂತೆಯೇ ಇರುವುದರಿಂದ ಮನೆಯವರು ಕಾಯುತ್ತಾರೆ, ಕಾದಷ್ಟೂ ಮಿದುಳಿಗೆ ಹಾನಿ. ಬೇರ್ಪಡಿಸಿ ತೋರಿಸುವ ಗುರುತು ತಣ್ಣನೆಯ ಬೆವರು. ರೋಗಿ ರಕ್ತದೊತ್ತಡಕ್ಕೋ ಹೃದಯಕ್ಕೋ ಮೆಟೊಪ್ರೊಲಾಲ್, ಪ್ರೊಪ್ರನಲಾಲ್ ತರಹದ ಮಾತ್ರೆ ತಿನ್ನುತ್ತಿದ್ದರೆ ಕೈನಡುಕ, ಎದೆಬಡಿತ ಕಾಣಿಸದೆ ಹೋಗಬಹುದು, ಆದರೆ ಬೆವರು ಕಾಣಿಸುತ್ತದೆ. ಸಕ್ಕರೆ ಕಾಯಿಲೆ ಇದ್ದವರು ಕುಡಿದ ಮರುದಿನ ಬೆಳಿಗ್ಗೆ ಬೆವರಿ ತೊದಲಿದರೆ, ಮೀಟರ್ ಇಲ್ಲದಿದ್ದರೂ ಸಕ್ಕರೆ ಇಳಿದಿದೆ ಎಂದೇ ತಿಳಿಯಬೇಕು. ತಪ್ಪಾಗಿ ಕೊಟ್ಟ ಮೂರು ಚಮಚ ಸಕ್ಕರೆಯಿಂದ ಆಗುವ ನಷ್ಟ ಅಲ್ಪ, ಕೊಡದೆ ಉಳಿದರೆ ಆಗುವ ನಷ್ಟ ಸರಿಪಡಿಸಲಾಗದ್ದು.

ಎಚ್ಚರವಿದ್ದು ನುಂಗಬಲ್ಲವರಾಗಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು, ಅಂದರೆ ಸುಮಾರು 15 ಗ್ರಾಂ, ನೀರಿನಲ್ಲಿ ಕಲಸಿ ಕುಡಿಸಬೇಕು. ಹದಿನೈದು ನಿಮಿಷದ ನಂತರ ಮತ್ತೆ ನೋಡಿ, 70ಕ್ಕಿಂತ ಕಡಿಮೆಯೇ ಇದ್ದರೆ ಇನ್ನೊಮ್ಮೆ ಕೊಡಬೇಕು, ಏರಿದ ಮೇಲೆ ಅನ್ನವೋ ಇಡ್ಲಿಯೋ ತಿನ್ನಿಸಬೇಕು. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ಆಸ್ಪತ್ರೆಯಲ್ಲಿ ನರದ ಮೂಲಕ ಗ್ಲೂಕೋಸ್ ಕೊಡಲೇಬೇಕು. ಬಹುದಿನದ ಕುಡುಕರಾದರೆ ಅದರ ಜೊತೆಗೆ ಥಯಾಮಿನ್ ಕೂಡ ಬೇಕಾಗುತ್ತದೆ ಎಂಬುದನ್ನು ಆಸ್ಪತ್ರೆಯವರಿಗೆ ನೆನಪಿಸಲು ಮನೆಯವರು ಕುಡಿತದ ವಿಷಯ ಮುಚ್ಚಿಡಬಾರದು. ಇನ್ನೊಂದು ಮುಖ್ಯ ಮಾತು: ಸಕ್ಕರೆ ನೀರು ಕುಡಿದು ಎದ್ದು ಕೂತವರು ಹುಷಾರಾದರು ಎಂದು ಅಲ್ಲಿಗೇ ಬಿಡಬಾರದು. ಗ್ಲಿಮೆಪಿರೈಡಿನ ಪ್ರಭಾವ ಒಂದು ದಿನದವರೆಗೂ ಇರಬಲ್ಲದು. ಏರಿದ ಸಕ್ಕರೆ ಒಂದೆರಡು ಗಂಟೆಯಲ್ಲಿ ಮತ್ತೆ ಬೀಳುತ್ತದೆ. ಅದಕ್ಕೇ ಇಂಥವರನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡು ಗಮನಿಸುತ್ತಾರೆ.

ಹಾಗಾದರೆ ಕೌಂಟರಿನಲ್ಲಿ ಅವರಿಗೆ ಏನು ಹೇಳಬೇಕಿತ್ತು? ಗ್ಲಿಮೆಪಿರೈಡ್ ಬಗ್ಗೆ ನಾನು ಹೇಳಿಕೊಡುವ ಮಾತು ಒಂದೇ: ಎಲೆ ಮುಂದೆ ಕೂತ ಮೇಲೆ ಮಾತ್ರೆ, ಊಟ ಇಲ್ಲದಿದ್ದರೆ ಮಾತ್ರೆ ಇಲ್ಲ. ಕುಡಿಯುವುದೇ ಆದರೆ ಊಟ ಮೊದಲು, ಅನ್ನ, ಮುದ್ದೆ, ರೊಟ್ಟಿ ಯಾವುದಾದರೂ ಹೊಟ್ಟೆ ತುಂಬ ಇರಬೇಕು. ಊಟ ಮಾಡದೆ ಕುಡಿದುಬಿಟ್ಟರೆ ಆ ರಾತ್ರಿಯ ಗ್ಲಿಮೆಪಿರೈಡ್ ಬಿಡಬೇಕು. ಒಂದು ರಾತ್ರಿ ಸಕ್ಕರೆ ಸ್ವಲ್ಪ ಏರಿದರೆ ಜೀವ ಹೋಗುವುದಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಈ ಮಾತನ್ನು ಹಾಗೆಯೇ ಹೇಳಬಾರದು. ಅವರ ದೀರ್ಘಾವಧಿಯ ಇನ್ಸುಲಿನ್ ತಪ್ಪಿಸಿದರೆ ಬೇರೆ ಅಪಾಯ ಬರುವುದರಿಂದ, ಅಂಥ ದಿನಕ್ಕೆ ಎಷ್ಟು ಎಂದು ಅವರ ವೈದ್ಯರಿಂದಲೇ ಮೊದಲೇ ಬರೆಸಿಕೊಳ್ಳಲು ಹೇಳಿ. ಮೆಟ್‌ಫಾರ್ಮಿನ್ ಒಂದೇ ಆದರೆ ಸಕ್ಕರೆ ಹೀಗೆ ಬೀಳುವುದಿಲ್ಲ. ಆದರೆ ವಿಪರೀತ ಕುಡಿದು ವಾಂತಿಯಾಗುತ್ತಿರುವವರು ಅದನ್ನು ಮುಂದುವರಿಸಿದರೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಅಪಾಯವಿದೆ. ಡಾಪಾಗ್ಲಿಫ್ಲೋಜಿನ್ ತರಹದ ಹೊಸ ಮಾತ್ರೆಯವರಲ್ಲಿ ಅದೇ ಪರಿಸ್ಥಿತಿಯಲ್ಲಿ ಸಕ್ಕರೆ ಅಷ್ಟೇನೂ ಹೆಚ್ಚಿಲ್ಲದೆಯೇ ಕೀಟೋನ್ ಏರಿ, ಹೊಟ್ಟೆನೋವು, ಏದುಸಿರು ಬರಬಹುದು. ಇವರಿಬ್ಬರಿಗೂ ಹೇಳುವ ಮಾತು, ವಾಂತಿ ಇರುವಾಗ ಈ ಮಾತ್ರೆ ನಿಲ್ಲಿಸಿ ಅದೇ ದಿನ ವೈದ್ಯರನ್ನು ಕಾಣಿ ಎಂಬುದು.

ಎರಡನೆಯ ಬಗೆಗೆ ಅತಿ ಸಾಮಾನ್ಯವಾದ ಉದಾಹರಣೆ ಪ್ಯಾರಾಸಿಟಮಾಲ್. ಇದರ ಬಗ್ಗೆ ಎರಡು ಕಡೆಯ ತಪ್ಪೂ ಇದೆ. ಅಪರೂಪಕ್ಕೆ ಒಂದು ಬಿಯರ್ ಕುಡಿದವನು ಜ್ವರಕ್ಕೆ ಒಂದು 650 ಮಿಲಿಗ್ರಾಂ ಮಾತ್ರೆ ನುಂಗಿದರೆ ಯಕೃತ್ತು ಹಾಳಾಗುವುದಿಲ್ಲ, ಅವನನ್ನು ಹೆದರಿಸಬೇಕಾಗಿಲ್ಲ. ದಿನವೂ ಕುಡಿಯುವವನ ಕಥೆ ಬೇರೆ. ಪ್ಯಾರಾಸಿಟಮಾಲಿನ ಒಂದು ಸಣ್ಣ ಭಾಗ ಯಕೃತ್ತಿನಲ್ಲಿ ವಿಷವಸ್ತುವಾಗಿ ಬದಲಾಗುತ್ತದೆ, ಗ್ಲುಟಾಥಯೋನ್ ಎಂಬ ಪದಾರ್ಥ ಅದನ್ನು ಅಲ್ಲಲ್ಲೇ ನಿರಪಾಯಗೊಳಿಸುತ್ತದೆ. ನಿತ್ಯದ ಕುಡಿತ ಆ ವಿಷವನ್ನು ತಯಾರಿಸುವ ಕಿಣ್ವವನ್ನು ಹೆಚ್ಚಿಸುತ್ತದೆ, ಸರಿಯಾಗಿ ಉಣ್ಣದಿರುವುದರಿಂದ ಗ್ಲುಟಾಥಯೋನ್ ಕಡಿಮೆಯಾಗಿರುತ್ತದೆ. ಮದ್ಯ ರಕ್ತದಲ್ಲಿ ಇರುವವರೆಗೆ ಅದೇ ಕಿಣ್ವ ಮದ್ಯದ ಕೆಲಸದಲ್ಲಿ ತೊಡಗಿರುತ್ತದೆ. ಅದು ಇಳಿದ ಮೇಲೆ, ಅಂದರೆ ತಲೆ ಸಿಡಿಯುತ್ತಿದೆ ಎಂದು ಮಾತ್ರೆ ಹುಡುಕುವ ಮರುದಿನವೇ, ಬಿಡುವಾದ ಆ ಕಿಣ್ವ ಪ್ಯಾರಾಸಿಟಮಾಲಿನ ಕಡೆಗೆ ತಿರುಗುತ್ತದೆ.

ಸಾಮಾನ್ಯ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ. ದಿನವೂ ಕುಡಿಯುವವರಿಗೆ, ಸೊರಗಿದವರಿಗೆ, 2 ಗ್ರಾಂ ದಾಟಬಾರದು ಎಂಬುದು ರೂಢಿಯ ಸಲಹೆ. 650ರ ಲೆಕ್ಕದಲ್ಲಿ ಅದು ದಿನಕ್ಕೆ ಮೂರು ಮಾತ್ರೆ, ಅದೂ ಎರಡು ಮೂರು ದಿನ ಮಾತ್ರ. ಈ ಮಿತಿ ದಾಟುವುದು ಮೂರ್ಖತನದಿಂದಲ್ಲ, ಹೆಸರಿನ ಗೊಂದಲದಿಂದ. ಜ್ವರಕ್ಕೆಂದು 650ರ ಮಾತ್ರೆ ನಾಲ್ಕು ಸಲ, ನೆಗಡಿಗೆಂದು ಬೇರೆ ಬಣ್ಣದ ಮಾತ್ರೆ ಮೂರು ಸಲ ತಿಂದವನಿಗೆ ತಾನು ಎರಡು ಬೇರೆ ಔಷಧಿ ತಿಂದೆ ಎಂಬ ಭಾವನೆ. ನೆಗಡಿ ಮಾತ್ರೆಯಲ್ಲೂ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದ್ದರೆ ಒಟ್ಟು 4,100 ಮಿಲಿಗ್ರಾಂ ಆಯಿತು, ಅವನ ಮಿತಿಯ ಎರಡರಷ್ಟು. ಮೈಕೈ ನೋವಿಗೆ ಕೊಡುವ ಅಸೆಕ್ಲೋಫೆನಾಕ್ ಮಾತ್ರೆಯಲ್ಲೂ ಹೆಚ್ಚಿನ ಪಾಲು ಪ್ಯಾರಾಸಿಟಮಾಲ್ ಸೇರಿರುತ್ತದೆ. ಇದನ್ನು ಕಂಡುಹಿಡಿಯಬಲ್ಲವರು ಸ್ಟ್ರಿಪ್ಪಿನ ಹಿಂಭಾಗ ಓದಬಲ್ಲ ನೀವು ಮಾತ್ರ. ಯಕೃತ್ತಿನ ಹಾನಿ ಮೊದಲ ದಿನ ವಾಕರಿಕೆ, ಸುಸ್ತು ಬಿಟ್ಟರೆ ಹೆಚ್ಚೇನೂ ತೋರಿಸುವುದಿಲ್ಲ. ಬಲಪಕ್ಕೆಯ ನೋವು, ಹಳದಿ ಕಣ್ಣು ಕಾಣುವ ಹೊತ್ತಿಗೆ ಎರಡು ಮೂರು ದಿನ ಕಳೆದಿರುತ್ತದೆ. ಪ್ರತಿವಿಷವಾದ ಎನ್-ಅಸಿಟೈಲ್‌ಸಿಸ್ಟೀನ್ ಬೇಗ ಕೊಟ್ಟಷ್ಟೂ ಕೆಲಸ ಮಾಡುವುದರಿಂದ, ಲೆಕ್ಕ ಮೀರಿದೆ ಎಂದು ತಿಳಿದ ದಿನವೇ ಕಳಿಸಬೇಕು, ಕಾಮಾಲೆ ಕಾಣಲಿ ಎಂದು ಕಾಯಬಾರದು.

ಪ್ಯಾರಾಸಿಟಮಾಲ್ ಬೇಡವೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಕೊಡುವುದು ಕುಡಿಯುವವರಿಗೆ ಪರಿಹಾರವಲ್ಲ. ಇವು ಜಠರದ ಒಳಪೊರೆಯ ರಕ್ಷಣೆಯನ್ನು ಕಳೆಯುತ್ತವೆ, ಮದ್ಯ ಅದೇ ಪೊರೆಯನ್ನು ಕೆರಳಿಸುತ್ತದೆ, ರಕ್ತಸ್ರಾವ ಶುರುವಾದರೆ ನೋವು ಇಲ್ಲದೆಯೂ ಶುರುವಾಗಬಹುದು. ಟಾರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯ ಮಲ ಹೋಗುತ್ತಿದೆಯೇ ಎಂದು ಕೇಳಿ. ಕಬ್ಬಿಣಾಂಶದ ಮಾತ್ರೆ ತಿನ್ನುವವರಲ್ಲೂ ಮಲ ಕಪ್ಪಾಗುತ್ತದೆ, ಆದರೆ ಹೀಗೆ ಅಂಟುವುದಿಲ್ಲ. ಹೌದು ಎಂದರೆ ಮಾತ್ರೆ ಕೊಡದೆ ಆಸ್ಪತ್ರೆಗೆ ಕಳಿಸಿ. ದಿನವೂ ಕುಡಿಯುವವರ ಮೈಕೈ ನೋವಿಗೆ ಕಡಿಮೆ ಪ್ರಮಾಣದ ಪ್ಯಾರಾಸಿಟಮಾಲ್ ಮತ್ತು ಹಚ್ಚುವ ಮುಲಾಮೇ ಎರಡರಲ್ಲಿ ಮೇಲು ಎಂಬುದು ನನ್ನ ಅಭಿಪ್ರಾಯ.

ಮೆಟ್ರೊನಿಡಜೋಲ್ ಬಗ್ಗೆ ನೀವು ಕೇಳಿಯೇ ಕೇಳುತ್ತೀರಿ, ಏಕೆಂದರೆ ಫಾರ್ಮಸಿ ಓದಿದವರಿಗೆಲ್ಲ ಮದ್ಯ ಎಂದೊಡನೆ ನೆನಪಾಗುವುದು ಅದೇ. ಮುಖ ಕೆಂಪೇರಿ, ಎದೆಬಡಿತ, ವಾಂತಿ ಬರುತ್ತದೆ ಎಂಬ ಎಚ್ಚರಿಕೆ ದಶಕಗಳಿಂದ ಇದೆ. ಫಿನ್‌ಲೆಂಡಿನ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಒಂದು ಸಣ್ಣ ನಿಯಂತ್ರಿತ ಅಧ್ಯಯನದಲ್ಲಿ ಆರೋಗ್ಯವಂತರಿಗೆ ಈ ಮಾತ್ರೆಯ ಜೊತೆ ಮದ್ಯ ಕೊಟ್ಟು ನೋಡಿದಾಗ ಆ ಪ್ರತಿಕ್ರಿಯೆಗೆ ಕಾರಣವೆನ್ನಲಾದ ಅಸಿಟಾಲ್ಡಿಹೈಡ್ ರಕ್ತದಲ್ಲಿ ಏರಲಿಲ್ಲ. ಅಮೆರಿಕದ ಸಿಡಿಸಿ 2021ರ ಲೈಂಗಿಕ ಸೋಂಕುಗಳ ಚಿಕಿತ್ಸಾ ಮಾರ್ಗಸೂಚಿಯಲ್ಲಿ ಈ ಮಾತ್ರೆಗಾಗಿ ಮದ್ಯ ಬಿಡಬೇಕಾಗಿಲ್ಲ ಎಂದೇ ಹೇಳಿದೆ. ಆದರೂ ತಯಾರಕರ ಮಾಹಿತಿ ಪತ್ರಗಳಲ್ಲಿ ಎಚ್ಚರಿಕೆ ಉಳಿದಿದೆ. ಬಿಡಿಯಾಗಿ ಪ್ರತಿಕ್ರಿಯೆ ಕಂಡ ವರದಿಗಳೂ ಇವೆ. ಆದ್ದರಿಂದ ಐದು ದಿನದ ಕೋರ್ಸ್ ಮುಗಿದು ಎರಡು ಮೂರು ದಿನದವರೆಗೆ ಕುಡಿಯದಿರುವುದು ಒಳ್ಳೆಯದು ಎಂದು ಹೇಳಿ, ಆದರೆ ಕುಡಿದುಬಿಟ್ಟರೆ ಕೋರ್ಸ್ ನಿಲ್ಲಿಸಬೇಡಿ ಎಂಬುದನ್ನೂ ಕೂಡಲೇ ಸೇರಿಸಿ. ಅಮಾಕ್ಸಿಸಿಲಿನ್ ತರಹದ ಸಾಮಾನ್ಯ ಆಂಟಿಬಯೋಟಿಕ್‌ಗಳಿಗೂ ಮದ್ಯಕ್ಕೂ ಇಂಥ ಸಂಬಂಧವೇ ಇಲ್ಲ. ಆದರೆ ನಮ್ಮಲ್ಲಿ ಎಲ್ಲ ಆಂಟಿಬಯೋಟಿಕ್‌ಗಳಿಗೂ ಒಂದೇ ಎಚ್ಚರಿಕೆ ಕೊಡುವ ರೂಢಿ ಬೆಳೆದು, ಮದುವೆ, ಹಬ್ಬದ ದಿನ ಮಾತ್ರೆ ತಪ್ಪಿಸುವವರು ಹೆಚ್ಚಾಗಿದ್ದಾರೆ.

ಈ ಮಾತು ಮೂರನೆಯ ಬಗೆಗೆ ತಂದು ನಿಲ್ಲಿಸುತ್ತದೆ. ಕ್ಷಯರೋಗದ ಚಿಕಿತ್ಸೆಯಲ್ಲಿ ದಿನವೂ ಕೊಡುವ ಸಂಯುಕ್ತ ಮಾತ್ರೆಯಲ್ಲಿರುವ ಐಸೊನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮೂರೂ ಯಕೃತ್ತಿಗೆ ಭಾರ, ಮದ್ಯ ಆ ಭಾರವನ್ನು ಹೆಚ್ಚಿಸುತ್ತದೆ. ಇಲ್ಲಿ ಮದ್ಯ ಪೂರ್ತಿ ಬಿಡುವಂತೆ ಹೇಳುವುದು ಸರಿಯೇ. ಆದರೆ ಕುಡಿದ ದಿನ ಮಾತ್ರೆ ಬಿಡಬೇಕು ಎಂದು ರೋಗಿ ಅರ್ಥ ಮಾಡಿಕೊಂಡರೆ, ವಾರಕ್ಕೆ ನಾಲ್ಕು ದಿನ ಕುಡಿಯುವವನು ವಾರಕ್ಕೆ ಮೂರೇ ದಿನ ಮಾತ್ರೆ ತಿನ್ನುತ್ತಾನೆ, ಔಷಧಿಗೆ ಬಗ್ಗದ ಕ್ಷಯ ಅಲ್ಲಿಂದ ಹುಟ್ಟಬಹುದು. ಅವನಿಗೆ ಹೇಳಬೇಕಾದದ್ದು, ಬೆಳಿಗ್ಗೆ ಎದ್ದೊಡನೆ ಮಾತ್ರೆ, ರಾತ್ರಿ ಏನೇ ಆಗಿರಲಿ ಬೆಳಗಿನ ಮಾತ್ರೆ ತಪ್ಪಬಾರದು ಎಂದು. ಊಟ ಸೇರದಿರುವುದು, ಬಿಡದ ವಾಂತಿ, ಕಾಫಿ ಡಿಕಾಕ್ಷನ್ ಬಣ್ಣದ ಮೂತ್ರ, ಹಳದಿ ಕಣ್ಣು ಇವು ಕಂಡರೆ ಮಾತ್ರ ನಿಲ್ಲಿಸಿ, ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಫಿಟ್ಸ್ ಮಾತ್ರೆಯೂ ಹೀಗೆಯೇ. ಕುಡಿದ ರಾತ್ರಿ ಫೆನಿಟಾಯಿನ್ ಅಥವಾ ವಾಲ್‌ಪ್ರೊಯೇಟ್ ಬಿಟ್ಟವನಿಗೆ ಮರುದಿನ ಮದ್ಯ ಇಳಿಯುವ ಹೊತ್ತು, ಮಾತ್ರೆ ಇಲ್ಲದ ಹೊತ್ತು, ನಿದ್ದೆಗೆಟ್ಟ ಹೊತ್ತು ಮೂರೂ ಕೂಡಿ ಬರುತ್ತವೆ. ರಕ್ತದೊತ್ತಡದ ಮಾತ್ರೆಯವರಿಗೆ ಕುಡಿದಾಗ ತಟ್ಟನೆ ಎದ್ದರೆ ತಲೆ ತಿರುಗಬಹುದು, ಹಾಸಿಗೆಯ ಅಂಚಿನಲ್ಲಿ ಕೂತು ನಿಧಾನಕ್ಕೆ ಏಳಿ ಎಂದರೆ ಸಾಕು. ಮೆಟೊಪ್ರೊಲಾಲ್, ಕ್ಲೋನಿಡಿನ್ ಥಟ್ಟನೆ ನಿಲ್ಲಿಸಿದರೆ ಒತ್ತಡ ಹಾರುತ್ತದೆ. ಅಸಿನೊಕೌಮರಾಲ್, ವಾರ್ಫರಿನ್ ತಿನ್ನುವವರನ್ನು ಮಾತ್ರ ನೀವೇ ನಿಭಾಯಿಸಲು ಹೋಗಬೇಡಿ. ಕುಡಿತದ ಪ್ರಮಾಣವನ್ನು ವೈದ್ಯರಿಗೆ ತಿಳಿಸಿ ಐಎನ್‌ಆರ್ ಪರೀಕ್ಷೆ ಮಾಡಿಸಲು ಕಳಿಸಿ.

ಇದೆಲ್ಲ ಹೇಳುವುದು ಹೇಗೆ ಎಂಬುದಕ್ಕೆ ಬರೋಣ. ನಾಲ್ಕು ಜನರ ಮುಂದೆ ಕುಡೀತೀರಾ ಎಂದು ಕೇಳಿದರೆ ಯಾರೂ ಹೌದು ಎನ್ನುವುದಿಲ್ಲ. ಕೌಂಟರಿನ ಒಂದು ತುದಿಗೆ ಕರೆದು, ಮಾತ್ರೆಯ ಕಾರಣಕ್ಕೆ ಕೇಳುತ್ತಿದ್ದೇನೆ ಎಂಬುದು ಮೊದಲೇ ತಿಳಿಯುವಂತೆ ಕೇಳಬೇಕು. ಅದು ಹೀಗಿರಬಹುದು:

“ಯಜಮಾನ್ರೇ, ಈ ಸಕ್ಕರೆ ಮಾತ್ರೆ ಕೊಡುವಾಗ ಎಲ್ಲರನ್ನೂ ಒಂದು ಮಾತು ಕೇಳ್ತೀನಿ. ವಾರದಲ್ಲಿ ಎಷ್ಟು ದಿನ ತಗೋತೀರಿ?”

“ಅಯ್ಯೋ, ದಿನಾ ಏನಿಲ್ಲ. ಫಂಕ್ಷನ್ ಇದ್ದಾಗ.”

“ಫಂಕ್ಷನ್ನಿನಲ್ಲಿ ನೈಂಟಿಗೆ ನಿಲ್ಲುತ್ತಾ, ಕ್ವಾರ್ಟರ್ ಆಗುತ್ತಾ?”

“ಕ್ವಾರ್ಟರ್ ಆಗುತ್ತೆ ಅನ್ನಿ.”

“ಆವತ್ತು ಊಟ ಮೊದಲಾ, ಆಮೇಲಾ?”

“ಆಮೇಲೆ. ಒಂದೊಂದ್ಸಲ ಇಲ್ಲವೇ ಇಲ್ಲ.”

“ಅಲ್ಲೇ ಇರೋದು ತೊಂದರೆ. ಬಿಟ್ಟರೆ ಬಹಳ ಒಳ್ಳೆಯದು, ಅದನ್ನ ನಾನು ಹೇಳಲೇಬೇಕು. ಹಾಗೂ ತಗೊಂಡ ದಿನ ಉಂಡೇ ತಗೊಳ್ಳಿ. ಊಟ ಇಲ್ಲ ಅಂದ್ರೆ ರಾತ್ರಿ ಈ ಮಾತ್ರೆ ಬೇಡ. ಅಮ್ಮನವರಿಗೆ ಹೇಳಿಡಿ, ಬೆಳಿಗ್ಗೆ ಬೆವರಿ ತೊದಲಿದರೆ ಅಮಲು ಅಂತ ಬಿಡಬಾರದು, ಸಕ್ಕರೆ ನೀರು ಕುಡಿಸಬೇಕು. ಈಗ ನೀವೇ ಒಂದ್ಸಲ ಹೇಳಿ, ಊಟ ಇಲ್ಲದ ರಾತ್ರಿ ಏನ್ಮಾಡ್ತೀರಿ?”

ಕೊನೆಯ ಆ ಪ್ರಶ್ನೆಯನ್ನು ಬಿಡಬೇಡಿ. ಹೂಂ ಎಂದವರು ಕೇಳಿಸಿಕೊಂಡಿರುತ್ತಾರೆ ಎಂದೇನಿಲ್ಲ, ತಮ್ಮ ಮಾತಿನಲ್ಲಿ ತಿರುಗಿ ಹೇಳಿದಾಗಲೇ ತಪ್ಪು ತಿಳಿವಳಿಕೆ ಎಲ್ಲಿದೆ ಎಂದು ಗೊತ್ತಾಗುವುದು. ಒಬ್ಬ ರೋಗಿಗೆ ಒಂದೇ ಮಾತ್ರೆಯ ಬಗ್ಗೆ, ಅವನಿಗೆ ಅತಿ ಅಪಾಯದ್ದು ಯಾವುದೋ ಅದರ ಬಗ್ಗೆ, ಹೇಳಿದರೆ ಸಾಕು. ಐದು ಎಚ್ಚರಿಕೆ ಕೊಟ್ಟರೆ ಒಂದೂ ಉಳಿಯುವುದಿಲ್ಲ. ಸ್ಟ್ರಿಪ್ಪಿನ ಕವರಿನ ಮೇಲೆ ಮಾರ್ಕರಿನಲ್ಲಿ ಕನ್ನಡದಲ್ಲೇ ಬರೆಯಿರಿ: ಊಟ ಇಲ್ಲದಿದ್ದರೆ ಬೇಡ, ಅಥವಾ, ಕುಡಿದರೂ ತಪ್ಪಿಸಬಾರದು.

ದಿನವೂ ಬೆಳಿಗ್ಗೆಯೇ ಶುರು ಮಾಡುವವನಿಗೆ, ಕುಡಿಯದಿದ್ದರೆ ಕೈ ನಡುಗುವವನಿಗೆ, ಇವತ್ತಿನಿಂದಲೇ ಬಿಡಿ ಎಂದು ಹೇಳಬೇಡಿ. ಅಂಥವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್, ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣಿಸಿ ದಿಕ್ಕು ತಪ್ಪುವ ಸನ್ನಿ ಬರಬಹುದು, ಅದು ಜೀವಕ್ಕೆ ಅಪಾಯ. ವೈದ್ಯರ ನೋಡಿಕೊಳ್ಳುವಿಕೆಯಲ್ಲಿ ಬಿಡಿಸಬೇಕು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕಳಿಸಿ. ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446 ಎರಡೂ ಉಚಿತ. ನಡುಕಕ್ಕೆಂದು ಅವರು ನಿಮ್ಮಲ್ಲೇ ಆಲ್ಪ್ರಜೋಲಾಮ್ ಕೇಳಿದರೆ ಚೀಟಿಯಿಲ್ಲದೆ ಕೊಡಬಾರದು ಎಂಬುದು ಕಾನೂನು ಮಾತ್ರವಲ್ಲ. ಆ ಮಾತ್ರೆಯ ಮೇಲೆ ಮತ್ತೆ ಕುಡಿದರೆ ಆಗುವುದನ್ನು ಮೇಲೆ ಹೇಳಿದ್ದೇನೆ.

ಕೊನೆಯದಾಗಿ, ನಿಮ್ಮ ಬಳಿ ಹೆಂಗಸರು ಬಂದು ಗಂಡನ ಊಟದಲ್ಲಿ ಗೊತ್ತಾಗದಂತೆ ಬೆರೆಸಲು ಕುಡಿತ ಬಿಡಿಸುವ ಮಾತ್ರೆ ಕೇಳಬಹುದು. ಅವರು ಕೇಳುತ್ತಿರುವುದು ಡೈಸಲ್ಫಿರಾಮ್. ಅದು ಒಳಗಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೃದಯ ದುರ್ಬಲವಾಗಿದ್ದವರು ಸತ್ತದ್ದೂ ಉಂಟು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರಬಹುದು. ಕುಡಿದರೆ ಹೀಗಾಗುತ್ತದೆ ಎಂದು ತಿಳಿದವನನ್ನು ಆ ಭಯ ಕಾಯುತ್ತದೆ. ತಿಳಿಯದವನು ಎಂದಿನಂತೆ ಕುಡಿಯುತ್ತಾನೆ. ಆಕೆಯ ಕಷ್ಟ ನಿಜ, ಆದ್ದರಿಂದ ಗದರಿ ಕಳಿಸಬೇಡಿ. ಈ ಮಾತ್ರೆಯನ್ನು ಅವರಿಗೆ ತಿಳಿಸಿ, ಒಪ್ಪಿಸಿ, ಹೃದಯ ಮತ್ತು ಲಿವರ್ ಪರೀಕ್ಷೆ ಮಾಡಿಸಿಯೇ ಕೊಡುವುದು, ಕದ್ದು ಕೊಟ್ಟರೆ ಅವರ ಪ್ರಾಣಕ್ಕೇ ಬರುತ್ತದಮ್ಮ ಎಂದು ಹೇಳಿ, ಅವರು ಬರದಿದ್ದರೆ ನೀವೊಬ್ಬರೇ ಮೊದಲು ವೈದ್ಯರನ್ನು ಕಂಡು ಮಾತಾಡಿ ಎಂದು 14446 ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಡಿ.